ಸಂಬಂಧಿಕರ ಆಪರೇಷನ್‌ಗೆ ಹಣದ ನೆರವು ಕೇಳುವ ಮನವಿ: ತಿದ್ದುವ ಕ್ರಮ, ಹಂತ ಹಂತವಾಗಿ

ಆಪರೇಷನ್‌ಗೆ ಹಣ ಕೂಡಿಸಲು ಬರೆದ ಮನವಿಗಳನ್ನು ತಿದ್ದಿಕೊಡಿ ಎಂದು ಹಲವರು ಕಳಿಸುತ್ತಾರೆ. ಹೆಚ್ಚಿನವುಗಳಲ್ಲಿ ಕಾಣುವ ತೊಂದರೆ ಒಂದೇ. ಬರೆಯುವವರು ಮೊದಲು ಓದುವವರ ಮನಸ್ಸು ಕರಗಿಸಲು ಕೂರುತ್ತಾರೆ, ಆಮೇಲೆ ಅದರ ನಡುವೆ ಎಲ್ಲೋ ವಿವರ ತುಂಬುತ್ತಾರೆ. ಹಾಗೆ ಮಾಡಿದಾಗ ಲೆಕ್ಕ ತಪ್ಪುತ್ತದೆ, ಮಾತು ಉದ್ದವಾಗುತ್ತದೆ, ಓದಿದವರಿಗೆ ಅನುಮಾನ ಬರುತ್ತದೆ. ಕ್ರಮ ತಿರುಗಿಸಬೇಕು. ಮೊದಲು ಕಾಗದಪತ್ರ, ಆಮೇಲೆ ಲೆಕ್ಕ, ಆಮೇಲೆ ಬರಹ, ಕೊನೆಗೆ ಭಾವನೆ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. 46 ವರ್ಷದ ಚಿಕ್ಕಮ್ಮ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹೃದಯದ ಮೈಟ್ರಲ್ ವಾಲ್ವ್ ಕಿರಿದಾಗಿದೆ, ಅದನ್ನು ಬದಲಿಸಬೇಕು. ಮನವಿ ಬರೆಯುವವನು ಅವರ ಅಕ್ಕನ ಮಗ. ಇಲ್ಲಿನ ಮೊತ್ತಗಳು ಲೆಕ್ಕ ಹೇಗೆ ಮಾಡಬೇಕು ಎಂದು ತೋರಿಸಲು ಮಾತ್ರ.

## ಹಂತ 1: ಒಪ್ಪಿಗೆ ಮತ್ತು ಕಾಗದಪತ್ರ

ಒಂದು ಸಾಲು ಬರೆಯುವ ಮೊದಲೂ ಚಿಕ್ಕಮ್ಮನನ್ನು ಕೇಳಿ. ಹೆಸರು ಹಾಕಬಹುದಾ, ಫೋಟೋ ಹಾಕಬಹುದಾ, ಕಾಯಿಲೆಯ ವಿವರ ಎಷ್ಟು ಹೇಳಬಹುದು, ಮಕ್ಕಳ ವಿಷಯ ಬರಬಹುದಾ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿ. "ಏನಾದ್ರೂ ಮಾಡ್ಕೋಪ್ಪಾ" ಅನ್ನುವುದು ಒಪ್ಪಿಗೆಯಲ್ಲ, ಸುಸ್ತು. ಅವರು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಗಂಡ, ಮಕ್ಕಳು ಅಥವಾ ಅವರ ಪರವಾಗಿ ನಿರ್ಧಾರ ಮಾಡುವವರನ್ನು ಕೇಳಿ. ಆಗ ವಿವರ ಆದಷ್ಟು ಕಡಿಮೆ ಇಡಿ.

ಆಮೇಲೆ ನಾಲ್ಕು ಕಾಗದ ಮುಂದಿಟ್ಟುಕೊಳ್ಳಿ. ರೋಗದ ಹೆಸರಿರುವ ವರದಿ (ಇಲ್ಲಿ ಎಕೋ ವರದಿ), ಆಪರೇಷನ್ ಬೇಕು ಎಂದು ವೈದ್ಯರು ಬರೆದುಕೊಟ್ಟ ಚೀಟಿ, ಆಸ್ಪತ್ರೆಯ ಸಹಿ ಮತ್ತು ದಿನಾಂಕ ಇರುವ ಖರ್ಚಿನ ಅಂದಾಜು ಪತ್ರ, ವಿಮೆ ಇದ್ದರೆ ಎಷ್ಟು ಒಪ್ಪಿದೆ ಎಂಬ ಪತ್ರ. ಇವುಗಳಲ್ಲಿ ಒಂದು ಸಿಗದಿದ್ದರೆ ಅದು ಸಿಗುವವರೆಗೆ ಮನವಿ ಹಾಕಬೇಡಿ. ತೀರಾ ತುರ್ತಾಗಿದ್ದರೆ "ವಿಮೆಯ ಉತ್ತರ ಇನ್ನೂ ಬಂದಿಲ್ಲ" ಎಂದು ಮನವಿಯಲ್ಲೇ ಹೇಳಿಬಿಡಿ. ಬಾಯಿಮಾತಿನ ಅಂದಾಜನ್ನು ನಂಬಿ ಹಾಕಿದ ಮೊತ್ತವನ್ನು ವಾರದೊಳಗೆ ಬದಲಿಸಬೇಕಾಗುತ್ತದೆ. ಮೊತ್ತ ಬದಲಾದ ಕೂಡಲೇ ಜನ ಹಿಂದೆ ಸರಿಯುತ್ತಾರೆ.

## ಹಂತ 2: ಲೆಕ್ಕ

ಅಂದಾಜು ಪತ್ರ ಹಿಡಿದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಮೂರು ಪ್ರಶ್ನೆ ಕೇಳಿ. ವಾಲ್ವ್‌ನ ಬೆಲೆ ಇದರಲ್ಲಿ ಸೇರಿದೆಯಾ? ಐಸಿಯುನಲ್ಲಿ ಎಷ್ಟು ದಿನ ಎಂದು ಲೆಕ್ಕ ಹಾಕಿದ್ದೀರಿ, ಹೆಚ್ಚಾದರೆ ದಿನಕ್ಕೆ ಎಷ್ಟು? ಆಪರೇಷನ್‌ಗೆ ಮುಂಚೆ ಮಾಡಿಸುವ ಪರೀಕ್ಷೆಗಳು ಇದರೊಳಗೇ ಬರುತ್ತವೆಯಾ? ವಾಲ್ವ್ ಆಪರೇಷನ್‌ಗೆ ಮೊದಲು ಎಷ್ಟೋ ಸಲ ಆಂಜಿಯೋಗ್ರಾಂ ಮಾಡಿಸುತ್ತಾರೆ, ಹಲ್ಲಿನ ತಪಾಸಣೆಯನ್ನೂ ಮಾಡಿಸುತ್ತಾರೆ. ಇವು ಅಂದಾಜಿನ ಹೊರಗೆ ಉಳಿದಿದ್ದರೆ ಈಗಲೇ ಗೊತ್ತಾಗಬೇಕು.

ಈಗ ನಮ್ಮ ಉದಾಹರಣೆ. ಅಂದಾಜು 5,80,000. ವಿಮೆ 2,00,000 ಒಪ್ಪಿದೆ. ಮನೆಯವರು 1,50,000 ಹೊಂದಿಸಿದ್ದಾರೆ. ಉಳಿಯುವ ಕೊರತೆ 2,30,000. ಯಾಂತ್ರಿಕ ವಾಲ್ವ್ ಹಾಕುತ್ತಾರೆ ಎಂದು ಇಟ್ಟುಕೊಳ್ಳಿ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಹಾಗಾಗಿ ವಾರ್ಫರಿನ್‌ನಂಥ ಗುಳಿಗೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಗುಳಿಗೆಯ ಪ್ರಮಾಣ ಸರಿಯಿದೆಯಾ ಎಂದು ನೋಡಲು ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಮೊದಲ ಆರು ತಿಂಗಳಿಗೆ ಇದಕ್ಕೆ 20,000 ಎಂದು ಹಿಡಿದರೆ ಕೈಗೆ ಬೇಕಾದದ್ದು 2,50,000.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಣ ಕೂಡಿಸುವ ಜಾಲತಾಣ ಮತ್ತು ಪಾವತಿ ಸೇವೆ ಸೇರಿ ಒಟ್ಟು ಶೇಕಡಾ 5 ಮುರಿದುಕೊಳ್ಳುತ್ತವೆ ಎಂದುಕೊಳ್ಳಿ. 2,50,000ಕ್ಕೆ ಶೇಕಡಾ 5 ಕೂಡಿಸಿ 2,62,500 ಎಂದು ಬರೆದರೆ ಕೈಗೆ ಬರುವುದು 2,49,375. ಕಡಿತ ಆಗುವುದು ಒಟ್ಟು ಬಂದ ಹಣದ ಮೇಲೆ. ಹಾಗಾಗಿ 2,50,000ವನ್ನು 0.95ರಿಂದ ಭಾಗಿಸಬೇಕು. ಬರುವುದು ಸುಮಾರು 2,63,200. ಇಲ್ಲಿ ವ್ಯತ್ಯಾಸ ಚಿಕ್ಕದು ಅನಿಸಬಹುದು, ಕಡಿತದ ದರ ಹೆಚ್ಚಿದ್ದರೆ ದೊಡ್ಡದಾಗುತ್ತದೆ. ನಿಮ್ಮ ಜಾಲತಾಣದ ದರವನ್ನು ಅದರ ಶುಲ್ಕದ ಪುಟದಲ್ಲೇ ಓದಿ. ತೆರಿಗೆ ಬೇರೆ ಸೇರುತ್ತದೆಯಾ ಎಂದೂ ನೋಡಿ.

ಮೊತ್ತವನ್ನು ಉಬ್ಬಿಸಬೇಡಿ. "ಹೇಗೂ ಪೂರ್ತಿ ಬರಲ್ಲ, ಎರಡರಷ್ಟು ಕೇಳೋಣ" ಎನ್ನುವ ಸಲಹೆ ಮನೆಯಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅಂದಾಜು ಪತ್ರವನ್ನೂ ಮನವಿಯನ್ನೂ ಪಕ್ಕಪಕ್ಕ ಇಟ್ಟು ಓದುವವರು ಇದ್ದಾರೆ. ಅಂಕಿ ಹೊಂದದಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ, ಪುಟ ಮುಚ್ಚುತ್ತಾರೆ.

## ಹಂತ 3: ಮನಸ್ಸಿಗೆ ಬಂದಂತೆ ಒಮ್ಮೆ ಬರೆದುಬಿಡಿ

ಈಗ ತಡೆಯದೆ ಬರೆಯಿರಿ. ಭಯ, ಸಿಟ್ಟು, ಅಳು ಎಲ್ಲ ಬರಲಿ. ಇದನ್ನು ಯಾರಿಗೂ ಕಳಿಸಬೇಡಿ. ಅಕ್ಕನ ಮಗ ಬರೆದ ಕಚ್ಚಾ ಬರಹ ಹೀಗಿದೆ:

> ಎಲ್ಲರಿಗೂ ಕೈ ಮುಗಿದು ಬೇಡಿಕೊಳ್ಳುತ್ತೇನೆ, ದಯವಿಟ್ಟು ನೋಡಿಯೂ ನೋಡದಂತೆ ಹೋಗಬೇಡಿ. ನನ್ನ ತಾಯಿಯಂಥ ಚಿಕ್ಕಮ್ಮ ಸಾವು ಬದುಕಿನ ನಡುವೆ ಹೋರಾಡುತ್ತಿದ್ದಾರೆ. ಹೃದಯ ಪೂರ್ತಿ ಕೆಟ್ಟುಹೋಗಿದೆ. ತಕ್ಷಣ ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ. ಸುಮಾರು 6 ಲಕ್ಷ ಬೇಕು. ನಮ್ಮ ಹತ್ತಿರ ಏನೂ ಉಳಿದಿಲ್ಲ. ಪುಟ್ಟ ಮಕ್ಕಳಿಬ್ಬರು ಅಮ್ಮನಿಗಾಗಿ ದಿನಾ ಅಳುತ್ತಿದ್ದಾರೆ. ಆಪರೇಷನ್ ಆದರೆ ಅವರು ಮೊದಲಿನಂತೆ ಆಗುತ್ತಾರೆ. ನಿಮ್ಮ ಮನೆಯಲ್ಲೇ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ? ಕೊಡಲಾಗದಿದ್ದರೆ ಕನಿಷ್ಠ ಶೇರ್ ಆದರೂ ಮಾಡಿ. ನಿಮ್ಮ ಒಂದು ಶೇರ್ ಒಂದು ಜೀವ ಉಳಿಸುತ್ತದೆ.

ಬರೆದವನ ನೋವು ನಿಜ. ಆದರೆ ಚಿಕ್ಕಮ್ಮ ಯಾರು, ಅವರಿಗೆ ಏನಾಗಿದೆ ಎಂಬುದು ಇದನ್ನು ಓದಿ ಮುಗಿಸಿದರೂ ತಿಳಿಯುವುದಿಲ್ಲ. ಒಂದು ರಾತ್ರಿ ಪಕ್ಕಕ್ಕಿಡಿ. ಅಷ್ಟು ಸಮಯವಿಲ್ಲದಿದ್ದರೆ ಒಂದೆರಡು ಗಂಟೆಯಾದರೂ ಬಿಡಿ.

## ಹಂತ 4: ಕಾಗದ, ಕಣ್ಣು, ಕಿವಿ

ಪೆನ್ನು ಹಿಡಿದು ಪ್ರತಿ ಸಾಲಿನ ಪಕ್ಕ ಈ ಮೂರರಲ್ಲಿ ಒಂದು ಗುರುತು ಹಾಕಿ. ವರದಿಯಲ್ಲೋ ಪತ್ರದಲ್ಲೋ ಇದ್ದರೆ "ಕಾಗದ". ನೀವೇ ನೋಡಿದ್ದರೆ "ಕಣ್ಣು". ಯಾರೋ ಹೇಳಿದ್ದಾದರೆ "ಕಿವಿ". ಕಿವಿಯ ಸಾಲುಗಳಿಗೆ ಹೇಳಿದವರು ಯಾರು ಎಂದು ಸೇರಿಸಿ, ಇಲ್ಲವೇ ತೆಗೆಯಿರಿ. ಯಾವ ಗುರುತೂ ಬೀಳದ ಸಾಲು ಹೋಗಲೇಬೇಕು.

"ಹೃದಯ ಪೂರ್ತಿ ಕೆಟ್ಟುಹೋಗಿದೆ" ಎಂಬುದಕ್ಕೆ ಗುರುತು ಸಿಗುವುದಿಲ್ಲ. ಎಕೋ ವರದಿ ಹೇಳುವುದು ಮೈಟ್ರಲ್ ವಾಲ್ವ್ ತೀವ್ರವಾಗಿ ಕಿರಿದಾಗಿದೆ ಎಂದು. ಈ ವಾಲ್ವ್ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು. ಅದು ಸರಿಯಾಗಿ ತೆರೆಯದಿದ್ದರೆ ರಕ್ತ ಹಿಂದೆ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಇಷ್ಟನ್ನು ಎರಡು ಸಾಲಿನಲ್ಲಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

"ತಕ್ಷಣ ಆಗದಿದ್ದರೆ ಉಳಿಯುವುದಿಲ್ಲ" ಕಿವಿಯ ಸಾಲು, ಅದೂ ತಪ್ಪಾಗಿ ಕೇಳಿಸಿಕೊಂಡದ್ದು. ವೈದ್ಯರು ಹೇಳಿದ್ದು "ಎರಡು ತಿಂಗಳೊಳಗೆ ಮಾಡಿಸಿ, ತಡ ಮಾಡಬೇಡಿ" ಎಂದು. ಅದನ್ನೇ ಬರೆಯಿರಿ. ಇಲ್ಲದ ಅವಸರ ತೋರಿಸಿದರೆ ಮೂರನೇ ವಾರದಲ್ಲಿ ಮತ್ತೆ ಕೇಳುವಾಗ ಹೇಳಲು ಏನೂ ಉಳಿದಿರುವುದಿಲ್ಲ. "ಸಾವು ಬದುಕಿನ ನಡುವೆ" ಕೂಡ ಹೀಗೇ. ಚಿಕ್ಕಮ್ಮ ಆಸ್ಪತ್ರೆಯಲ್ಲೇ ಇಲ್ಲ, ಮನೆಯಲ್ಲಿದ್ದಾರೆ.

"ಪುಟ್ಟ ಮಕ್ಕಳು" ಎಂದದ್ದು 14 ಮತ್ತು 17 ವರ್ಷದವರಿಗೆ. ಅವರು ದಿನಾ ಅಳುವುದನ್ನು ಯಾರೂ ನೋಡಿಲ್ಲ. "ಏನೂ ಉಳಿದಿಲ್ಲ" ಎಂಬುದೂ ನಿಜವಲ್ಲ, 1,50,000 ಹೊಂದಿಸಿದ್ದಾರೆ. ಅದನ್ನು ಮುಚ್ಚಿಡುವುದು ದೊಡ್ಡ ನಷ್ಟ. ಮನೆಯವರು ತಮ್ಮ ಪಾಲು ಹಾಕಿದ್ದಾರೆ ಎಂದು ತಿಳಿದಾಗ ಕೊಡುವವರಿಗೆ ಧೈರ್ಯ ಬರುತ್ತದೆ.

"ಮೊದಲಿನಂತೆ ಆಗುತ್ತಾರೆ" ಎಂಬ ಸಾಲಿನ ಮೇಲೆ ಸ್ವಲ್ಪ ನಿಲ್ಲಬೇಕು. ಇದು ಆಸೆ, ವೈದ್ಯರ ಮಾತಲ್ಲ. ಎದೆಯ ಮೂಳೆ ಕೂಡಿಕೊಳ್ಳಲು ವಾರಗಟ್ಟಲೆ ಬೇಕು. ಗುಳಿಗೆ ಜೀವನಪೂರ್ತಿ. ಯಾಂತ್ರಿಕ ವಾಲ್ವ್ ಬದಲು ಪ್ರಾಣಿ ಅಂಗಾಂಶದ್ದು ಹಾಕಿದರೆ ಅದು ವರ್ಷಗಳು ಕಳೆದಂತೆ ಸವೆಯುತ್ತದೆ, ಮತ್ತೆ ಬದಲಿಸಬೇಕಾಗಬಹುದು. ಫಲಿತಾಂಶದ ಭರವಸೆ ಕೊಡುವ ಹಕ್ಕು ಮನವಿ ಬರೆಯುವವರಿಗಿಲ್ಲ. ಆಪರೇಷನ್‌ನಿಂದ ಏನು ನಿರೀಕ್ಷಿಸಬಹುದು ಎಂದು ವೈದ್ಯರನ್ನೇ ಕೇಳಿ, ಅವರು ಹೇಳಿದಷ್ಟನ್ನೇ ಹಾಕಿ.

## ಹಂತ 5: ಒತ್ತಡದ ಮಾತು ತೆಗೆಯುವುದು

ಇನ್ನು ಓದುವವರ ಮೇಲೆ ಭಾರ ಹಾಕುವ ಸಾಲುಗಳನ್ನು ಹುಡುಕಿ. ಗುರುತಿಸುವುದು ಸುಲಭ. ಸಾಲಿನ ವಿಷಯ ಚಿಕ್ಕಮ್ಮನಿಂದ ಸರಿದು "ನೀವು" ಕಡೆಗೆ ಹೋದ ಜಾಗದಲ್ಲೆಲ್ಲ ಒತ್ತಡ ಇರುತ್ತದೆ. "ನೋಡಿಯೂ ನೋಡದಂತೆ ಹೋಗಬೇಡಿ" ಎಂದರೆ ಹೋದವರು ಕಲ್ಲುಹೃದಯದವರು ಎಂದಂತೆ. "ನಿಮ್ಮ ಮನೆಯಲ್ಲೇ ಹೀಗಾಗಿದ್ದರೆ" ಎಂಬುದು ಓದುವವರ ಮನೆಗೆ ಕೇಡು ಬಯಸಿದ ಹಾಗೆ ಕೇಳಿಸುತ್ತದೆ. ಅದನ್ನು ಓದುವವರಲ್ಲಿ ಕೆಲವರ ಮನೆಯಲ್ಲಿ ಈಗಾಗಲೇ ಹೀಗೆ ಆಗಿರುತ್ತದೆ, ಅವರೂ ಸಾಲದಲ್ಲಿರುತ್ತಾರೆ.

"ಕನಿಷ್ಠ ಶೇರ್ ಆದರೂ ಮಾಡಿ" ಎನ್ನುವುದು ಕೊಡಲಾಗದವರನ್ನು ಸಣ್ಣವರನ್ನಾಗಿ ಮಾಡುತ್ತದೆ. ಆ "ಕನಿಷ್ಠ", "ಆದರೂ" ಎರಡನ್ನೂ ತೆಗೆದು "ತಿಳಿದವರಿಗೆ ಹಂಚಿದರೂ ಉಪಕಾರ" ಎಂದರೆ ಸಾಕು. "ಒಂದು ಶೇರ್ ಒಂದು ಜೀವ ಉಳಿಸುತ್ತದೆ" ಎಂಬುದು ಸುಳ್ಳು ಕೂಡ. ದೇವರ ಹೆಸರಿನಲ್ಲಿ ಆಣೆ, ಪುಣ್ಯದ ಆಮಿಷ, ಕೊಡದವರ ಹೆಸರು ಗುಂಪಿನಲ್ಲಿ ಎತ್ತುವುದು, ಒಬ್ಬೊಬ್ಬರಿಗೂ ಇಷ್ಟು ಎಂದು ಪಾಲು ಹಂಚುವುದು, ಇವೆಲ್ಲ ಇದೇ ಜಾತಿಯವು.

ಪರೀಕ್ಷೆ ಒಂದಿದೆ. ಈಗ ಕೊಡಲು ಸಾಧ್ಯವೇ ಇಲ್ಲದ ಒಬ್ಬ ಗೆಳತಿಯನ್ನು ನೆನಪಿಸಿಕೊಳ್ಳಿ. ಅವಳು ಇದನ್ನು ಓದಿ ಮುಗಿಸಿ, ನಾಚಿಕೆ ಪಡದೆ "ಚಿಕ್ಕಮ್ಮ ಹೇಗಿದ್ದಾರೆ?" ಎಂದು ನಿಮಗೆ ಫೋನ್ ಮಾಡುವಂತಿರಬೇಕು. ಮಾಡಲಾರಳು ಅನಿಸಿದರೆ ಎಲ್ಲೋ ಒತ್ತಡ ಉಳಿದಿದೆ.

## ಹಂತ 6: ಕಣ್ಣಿಗೆ ಕಾಣುವ ಒಂದು ಸಂಗತಿ

ಇಷ್ಟೆಲ್ಲ ತೆಗೆದ ಮೇಲೆ ಬರಹ ಒಣಗಿದಂತೆ ಕಾಣುತ್ತದೆ. ಆಗ ಗಾಬರಿಯಾಗಿ ವಿಶೇಷಣಗಳನ್ನು ಮತ್ತೆ ಸೇರಿಸಬೇಡಿ. "ಕಣ್ಣು" ಎಂದು ಗುರುತಾಗುವ ಒಂದು ಸಂಗತಿ ಹುಡುಕಿ. ಕಾಯಿಲೆ ಅವರ ದಿನವನ್ನು ಎಲ್ಲಿ ತಡೆದಿದೆ ಎಂದು ಕೇಳಿಕೊಂಡರೆ ಸಿಗುತ್ತದೆ.

ಅಕ್ಕನ ಮಗನಿಗೆ ಮೊದಲು ಏನೂ ಹೊಳೆಯಲಿಲ್ಲ. "ಅವರು ಈಗ ಏನು ಹೊಲಿಯುತ್ತಿದ್ದಾರೆ?" ಎಂದು ಕೇಳಿದಾಗ ಬಂತು. ಮಷಿನ್ ತುಳಿದರೆ ಉಸಿರು ಸಿಗುವುದಿಲ್ಲ, ಹಾಗಾಗಿ ಗುಂಡಿ, ಹುಕ್ ಹಾಕುವ ಕೈಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. ರಾತ್ರಿ ಅಡ್ಡಾದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಇದಕ್ಕೆ "ಅಯ್ಯೋ ಪಾಪ" ಎಂದು ಸೇರಿಸುವ ಅಗತ್ಯವೇ ಇಲ್ಲ. ವಾಲ್ವ್ ಕಿರಿದಾದರೆ ಏನಾಗುತ್ತದೆ ಎಂಬ ವೈದ್ಯರ ಮಾತೂ ಇದರಿಂದ ಸ್ಪಷ್ಟವಾಗುತ್ತದೆ. ಹೀಗೆ ಕಾಯಿಲೆಯನ್ನೂ ಮನುಷ್ಯರನ್ನೂ ಒಟ್ಟಿಗೆ ತೋರಿಸುವ ಸಂಗತಿಯೇ ಒಳ್ಳೆಯದು. ಒಂದು ಸಾಕು, ಹೆಚ್ಚೆಂದರೆ ಎರಡು. ನಾಲ್ಕಾದರೆ ಮತ್ತೆ ಒತ್ತಡವಾಗುತ್ತದೆ.

ಇದನ್ನು ಬರೆದ ಮೇಲೆ ಚಿಕ್ಕಮ್ಮನಿಗೆ ಓದಿ ಹೇಳಿ. ಕೂತು ನಿದ್ದೆ ಮಾಡುವ ವಿಷಯ ಊರೆಲ್ಲ ಓದುವುದು ಅವರಿಗೆ ಬೇಡವಾದರೆ ತೆಗೆಯಿರಿ. ಮಾತು ಎಷ್ಟೇ ಚೆನ್ನಾಗಿರಲಿ, ಅದು ಅವರದು.

## ಹಂತ 7: ಜೋಡಿಸಿ, ಚಿಕ್ಕದು ಮಾಡಿ

ಫೋನಿನಲ್ಲಿ ಲಿಂಕ್ ಕಳಿಸಿದಾಗ ಜನರಿಗೆ ಮೊದಲು ಕಾಣುವುದು ಶೀರ್ಷಿಕೆ ಮತ್ತು ಒಂದೆರಡು ಸಾಲು. ಯಾರಿಗೆ, ಏನಾಗಿದೆ, ಏನು ಬೇಕು ಎಂಬುದು ಅಷ್ಟರಲ್ಲೇ ಬರಬೇಕು. ಆಮೇಲೆ ಕಾಣುವ ಸಂಗತಿ, ಆಮೇಲೆ ಲೆಕ್ಕ, ಆಮೇಲೆ ಹಣ ಎಲ್ಲಿಗೆ ಹೋಗುತ್ತದೆ, ಕೊನೆಗೆ ಬರೆದವರು ಯಾರು. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷದಲ್ಲಿ ಜೋರಾಗಿ ಓದಿ ಮುಗಿಯುವಂತಿರಲಿ. ಕಾಯಿಲೆ ಹೇಗೆ ಶುರುವಾಯಿತು, ಯಾವ ಯಾವ ವೈದ್ಯರ ಹತ್ತಿರ ಹೋದಿರಿ ಎಂಬ ಕಥೆ ಬೇಡ. ಕೇಳಿದವರಿಗೆ ಹೇಳಿ.

ತಿದ್ದಿದ ಮೇಲೆ ಆ ಮನವಿ ಹೀಗಾಯಿತು:

> ಚಿಕ್ಕಮ್ಮನ ಹೃದಯದ ವಾಲ್ವ್ ಬದಲಿಸಲು 2,63,200 ಬೇಕಾಗಿದೆ
>
> ನನ್ನ ಚಿಕ್ಕಮ್ಮನಿಗೆ 46 ವರ್ಷ. ಅವರ ಹೃದಯದ ಒಂದು ವಾಲ್ವ್ ತೀವ್ರವಾಗಿ ಕಿರಿದಾಗಿದೆ. ಎರಡು ತಿಂಗಳೊಳಗೆ ಆಪರೇಷನ್ ಮಾಡಿ ಅದನ್ನು ಬದಲಿಸಬೇಕು ಎಂದು ವೈದ್ಯರು ಹೇಳಿದ್ದಾರೆ.
>
> ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಈಗ ಮಷಿನ್ ತುಳಿದರೆ ಉಸಿರು ಸಿಗುತ್ತಿಲ್ಲ. ಗುಂಡಿ, ಹುಕ್ ಹಾಕುವ ಕೈಕೆಲಸ ಮಾತ್ರ ಮಾಡುತ್ತಿದ್ದಾರೆ. ರಾತ್ರಿ ಗೋಡೆಗೆ ಒರಗಿ ಕೂತು ನಿದ್ದೆ ಮಾಡುತ್ತಾರೆ.
>
> ಆಸ್ಪತ್ರೆಯ ಅಂದಾಜು 5,80,000. ವಿಮೆಯಿಂದ 2,00,000 ಸಿಗುತ್ತದೆ. ಮನೆಯವರು 1,50,000 ಹೊಂದಿಸಿದ್ದೇವೆ. ಉಳಿದದ್ದು 2,30,000. ಆಮೇಲಿನ ಆರು ತಿಂಗಳ ಔಷಧಿ ಮತ್ತು ರಕ್ತಪರೀಕ್ಷೆಗೆ 20,000. ಜಾಲತಾಣದ ಶೇಕಡಾ 5 ಕಡಿತವೂ ಸೇರಿ ಕೇಳುತ್ತಿರುವ ಮೊತ್ತ 2,63,200.
>
> ಆಪರೇಷನ್ನಿನ ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗುತ್ತದೆ. ಔಷಧಿಯ 20,000 ಚಿಕ್ಕಮ್ಮನ ಖಾತೆಗೆ ಬರುತ್ತದೆ. ಹಣ ಉಳಿದರೆ ಅವರ ಮುಂದಿನ ಔಷಧಿಗೆ ಮಾತ್ರ ಬಳಸುತ್ತೇವೆ. ಆಪರೇಷನ್ ನಡೆಯದೇ ಹೋದರೆ ಕೊಟ್ಟವರಿಗೆ ಹಿಂದಿರುಗಿಸುತ್ತೇವೆ. ಅಂದಾಜು ಪತ್ರ ಕೆಳಗಿದೆ.
>
> ನಾನು ಅವರ ಅಕ್ಕನ ಮಗ. ಇದನ್ನು ಚಿಕ್ಕಮ್ಮ ಓದಿ ಒಪ್ಪಿದ್ದಾರೆ. ಏನಾದರೂ ಕೇಳುವುದಿದ್ದರೆ ಇಲ್ಲೇ ಬರೆಯಿರಿ, ಉತ್ತರಿಸುತ್ತೇನೆ. ಕೊಡುವ ಮನಸ್ಸು ಮಾಡಿದವರಿಗೆ ನಾವು ಋಣಿ. ತಿಳಿದವರಿಗೆ ಹಂಚಿದರೂ ಉಪಕಾರ.

ಹಿಂದಿರುಗಿಸುವ ಮಾತು ಬರೆಯುವ ಮೊದಲು ನಿಮ್ಮ ಜಾಲತಾಣದಲ್ಲಿ ಅದು ಸಾಧ್ಯವೇ, ಶುಲ್ಕ ವಾಪಸ್ ಬರುತ್ತದೆಯೇ ಎಂದು ನೋಡಿಕೊಳ್ಳಿ. ಆಗದಿದ್ದರೆ ಆಗುವುದನ್ನಷ್ಟೇ ಬರೆಯಿರಿ. ರೋಗಿ ತೀರಿಕೊಂಡರೆ ಹಣ ಏನಾಗುತ್ತದೆ ಎಂಬ ಪ್ರಶ್ನೆಯೂ ಇದರಲ್ಲೇ ಅಡಗಿದೆ. ಅದನ್ನು ಮನವಿಯಲ್ಲಿ ಬಿಡಿಸಿ ಹೇಳಬೇಕಿಲ್ಲ, ಮನೆಯವರು ಮಾತ್ರ ಮೊದಲೇ ಕೂತು ನಿರ್ಧರಿಸಿರಬೇಕು.

## ಹಂತ 8: ಫೋಟೋ ಮತ್ತು ದಾಖಲೆ

ಚಿಕ್ಕಮ್ಮ ಹೊಲಿಗೆ ಮಷಿನ್ ಪಕ್ಕ ಕೂತ ಫೋಟೋ ಇದ್ದರೆ ಅದೇ ಸಾಕು. ಮೂಗಿಗೆ ಪೈಪ್ ಹಾಕಿದ, ಎಚ್ಚರ ಇಲ್ಲದಾಗ ತೆಗೆದ ಫೋಟೋ ಬೇಡ. ಅವರು ಹುಷಾರಾದ ಮೇಲೂ ಅದು ಎಲ್ಲೋ ಓಡಾಡುತ್ತಿರುತ್ತದೆ. ಮಕ್ಕಳ ಮುಖವೂ ಬೇಡ.

ದಾಖಲೆ ಹಾಕುವಾಗ ರೋಗಿಯ ನೋಂದಣಿ ಸಂಖ್ಯೆ, ಫೋನ್ ನಂಬರ್, ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ಬಾರ್‌ಕೋಡ್ ಮುಚ್ಚಿ. ಆಸ್ಪತ್ರೆಯ ಹೆಸರು, ದಿನಾಂಕ, ರೋಗದ ಹೆಸರು, ಮೊತ್ತ ಕಾಣಲಿ. ಫೋನಿನ ಹೈಲೈಟರ್‌ನಿಂದ ಗೀಚಿದರೆ ಬೆಳಕು ಹೆಚ್ಚಿಸಿದಾಗ ಅಕ್ಷರ ಕಾಣುವುದುಂಟು. ಗಟ್ಟಿ ಬಣ್ಣದ ಚೌಕ ಇಟ್ಟು ಮುಚ್ಚಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕಿ. ಇಲ್ಲವೇ ಕಾಗದದ ಮೇಲೆ ಚೀಟಿ ಅಂಟಿಸಿ ಫೋಟೋ ತೆಗೆಯಿರಿ.

## ಹಂತ 9: ಹಾಕಿದ ಮೇಲೆ

ಮೂರು ಸಂದರ್ಭದಲ್ಲಿ ಪುಟದಲ್ಲಿ ಬರೆಯಲೇಬೇಕು: ಆಪರೇಷನ್ ದಿನ ನಿಗದಿಯಾದಾಗ ಅಥವಾ ಮುಂದೆ ಹೋದಾಗ, ಅಂದಾಜು ಬದಲಾದಾಗ, ಆಪರೇಷನ್ ಮುಗಿದಾಗ. ಎರಡು ಸಾಲು ಸಾಕು. ವಿಮೆ ಹೆಚ್ಚು ಕೊಟ್ಟರೆ ಕೇಳುವ ಮೊತ್ತವನ್ನು ಅದೇ ದಿನ ಇಳಿಸಿ, ಯಾಕೆ ಎಂದೂ ಬರೆಯಿರಿ.

ಕೆಲವು ಸೂಚನೆಗಳನ್ನು ಗಮನಿಸುತ್ತಿರಿ. ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದರೆ ಅದರ ಉತ್ತರ ಮನವಿಯೊಳಗೆ ಸೇರಬೇಕು. ಸಾಮಾನ್ಯವಾಗಿ ಅದು "ವಿಮೆ ಇಲ್ವಾ?" ಅಥವಾ "ಹಣ ಯಾರ ಖಾತೆಗೆ ಹೋಗುತ್ತೆ?" ಎಂಬುದಾಗಿರುತ್ತದೆ. ಜನ ಮನವಿ ಹಂಚುವಾಗ ತಾವೇ "ತುಂಬಾ ಸೀರಿಯಸ್, ಇವತ್ತೇ ಕೊಡಿ" ಎಂದು ಸೇರಿಸುತ್ತಿದ್ದರೆ, ಹಾಗೆ ಬರೆಯಬೇಡಿ ಎಂದು ನಯವಾಗಿ ಹೇಳಿ, ಹಂಚಲು ನೀವೇ ಎರಡು ಸಾಲು ಬರೆದುಕೊಡಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನಿಮ್ಮ ಫೋಟೋ, ಬರಹ ಎತ್ತಿಕೊಂಡು ತಮ್ಮ ಕ್ಯೂಆರ್ ಕೋಡ್ ಅಂಟಿಸಿ ಹರಡುವವರಿದ್ದಾರೆ. ಹಾಗಾಗಿ ಹಣ ಕೊಡುವ ಕೊಂಡಿ ಒಂದೇ ಇರಲಿ. "ಈ ಕೊಂಡಿ ಬಿಟ್ಟು ಬೇರೆಲ್ಲೂ ನಾವು ಹಣ ಕೇಳುತ್ತಿಲ್ಲ" ಎಂಬ ಸಾಲನ್ನು ಮನವಿಯ ಕೊನೆಗೆ ಸೇರಿಸಿ. ಚಿಕ್ಕಮ್ಮನ ಹೆಸರನ್ನು ಆಗಾಗ ನೀವೇ ಹುಡುಕಿ ನೋಡಿ. ನಕಲು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಜಾಲತಾಣಕ್ಕೆ, ಸೈಬರ್ ಪೊಲೀಸರಿಗೆ ದೂರು ಕೊಡಿ.

ಮೊತ್ತ ತುಂಬಿದ ದಿನವೇ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ. ಶೀರ್ಷಿಕೆಯ ಮುಂದೆ "ಹಣ ಸೇರಿದೆ, ಇನ್ನು ಬೇಡ" ಎಂದು ಹಾಕಿ. ಹಳೆಯ ಸಂದೇಶಗಳು ತಿಂಗಳುಗಟ್ಟಲೆ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಹಾಗಾಗಿ ಪುಟವನ್ನು ಅಳಿಸಬೇಡಿ. ತಡವಾಗಿ ಬಂದವರಿಗೆ ಅಲ್ಲಿ ಬಿಲ್ಲಿನ ಮೊತ್ತ, ಆಪರೇಷನ್ ಆದ ದಿನಾಂಕ, ಚಿಕ್ಕಮ್ಮ ಈಗ ಹೇಗಿದ್ದಾರೆ ಎಂಬ ಒಂದು ಸಾಲು ಸಿಗಬೇಕು.